ಮೊದಲು ಬಂದವರ ಚೀಟಿ ಕೆಳಗೆ ಹೋದದ್ದು ಹೇಗೆ? ಸ್ಟೇಬಲ್ ಸಾರ್ಟ್ ಮತ್ತು ಎರಡು ಕೀಗಳ ವಿಷಯ

ದಾವಣಗೆರೆಯಲ್ಲಿ ಕಂಪ್ಯೂಟರ್ ಓದುತ್ತಿರುವ ಹುಡುಗ ಹುಡುಗಿಯರ ಮುಂದೆ ನಾನು ಆಡಿದ ಮಾತಿನ ಬರಹ ರೂಪ ಇದು. ಅವತ್ತು ಮೇಜಿನ ಮೇಲೆ ಚೀಟಿಗಳನ್ನು ಇಟ್ಟು ಸರಿಸಿ ತೋರಿಸಿದ್ದೆ. ಇಲ್ಲಿ ಬರೆದೇ ತೋರಿಸಬೇಕು. ಓದುವಾಗ ನೀವೂ ಆರು ಚೀಟಿ ಹರಿದು ಪಕ್ಕಕ್ಕೆ ಇಟ್ಟುಕೊಂಡರೆ ಬೇಗ ಅರ್ಥವಾಗುತ್ತದೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. 2017ರಲ್ಲಿ ನಾನು ಇಲ್ಲಿನ ಒಂದು ದಲಾಲಿ ಅಂಗಡಿಗೆ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಮೆಕ್ಕೆಜೋಳದ ಅಂಗಡಿ. ರೈತರ ಗಾಡಿ ಬಂದ ಹಾಗೆ ಗುಮಾಸ್ತರು ಒಂದೊಂದೇ ಲಾಟ್ ನಮೂದಿಸುತ್ತಾರೆ: ನಂಬರು, ಹೆಸರು, ತಾಲ್ಲೂಕು, ಎಷ್ಟು ಚೀಲ, ಆಮೇಲೆ ಬಿದ್ದ ದರ. ಬ್ರೌಸರಿನಲ್ಲಿ ಒಂದು ಪಟ್ಟಿ ಕಾಣಿಸುತ್ತದೆ. ಮೇಲೆ 'ತಾಲ್ಲೂಕು' ಅನ್ನುವ ತಲೆಬರಹ ಒತ್ತಿದರೆ ಪಟ್ಟಿ ತಾಲ್ಲೂಕುವಾರು ಜೋಡಣೆ ಆಗುತ್ತದೆ. ಸಂಜೆ ಆ ಪಟ್ಟಿ ನೋಡಿಕೊಂಡೇ ಹೆಸರು ಕೂಗಿ ಹಣ ಕೊಡುತ್ತಿದ್ದರು. ಒಂದೇ ತಾಲ್ಲೂಕಿನ ಒಳಗೆ ಮೊದಲು ಬಂದವರಿಗೆ ಮೊದಲು. ಇದು ಅಂಗಡಿಯಲ್ಲಿ ಮೊದಲಿನಿಂದ ಇದ್ದ ಪದ್ಧತಿ. ಯಾರೂ ನನಗೆ ಬಾಯಿಬಿಟ್ಟು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ, ಆದರೆ ಪಟ್ಟಿ ಹಾಗೇ ಬರುತ್ತಿತ್ತು.

ಬೇಸಿಗೆ, ಮಳೆಗಾಲ ಎಲ್ಲ ಸರಿಯಾಗಿಯೇ ಕಳೆಯಿತು. ದೀಪಾವಳಿ ಹೊತ್ತಿಗೆ ಹೊಸ ಜೋಳ ಬರಲು ಶುರುವಾಯಿತು, ದಿನಕ್ಕೆ ನಾಲ್ಕೈದು ಲಾಟ್ ಇದ್ದದ್ದು ಮೂವತ್ತು ನಲವತ್ತಕ್ಕೆ ಏರಿತು. ಆಗ ಜಗಳೂರು ಕಡೆಯ ಹಿರಿಯರೊಬ್ಬರು ಗುಮಾಸ್ತರ ಮುಂದೆ ನಿಂತು, "ಏನಪ್ಪಾ, ಕೋಳಿ ಕೂಗೋ ಹೊತ್ತಿಗೇ ಗಾಡಿ ತಂದು ನಿಲ್ಲಿಸೀನಿ, ನನ್ ಪಾಳಿ ಕೆಳಗ್ ಯಾಕೈತಿ?" ಅಂತ ಕೇಳಿದರು. ಗುಮಾಸ್ತರು ನಂಬರು ನೋಡಿದರು. ಅವರದು 3, ಅವರಿಗಿಂತ ಮೇಲೆ ಇದ್ದವರದು 19. ಇಬ್ಬರೂ ಜಗಳೂರು ತಾಲ್ಲೂಕು. ಹಿರಿಯರು ಹೇಳಿದ್ದು ಸರಿ ಇತ್ತು. ಪಟ್ಟಿ ತಪ್ಪಾಗಿತ್ತು.

ನಾನು ಮನೆಯಲ್ಲಿ ಕೂತು ಎಂಟು ಲಾಟ್ ಹಾಕಿ ನೋಡಿದೆ. ಸರಿಯಾಗಿ ಬಂತು. ಬೇರೆ ಎಂಟು ಹಾಕಿದೆ, ಅದೂ ಸರಿ. ಮೂರು ದಿನ ನನಗೆ ಆ ತಪ್ಪು ಕೈಗೆ ಸಿಗಲಿಲ್ಲ. ಕೊನೆಗೆ ಅಂಗಡಿಯ ಪೂರ್ತಿ ದಿನದ ಪಟ್ಟಿ ತಂದು, ಕೆಳಗಿನಿಂದ ಒಂದೊಂದೇ ಸಾಲು ಅಳಿಸುತ್ತಾ ಹೋದೆ. ಹನ್ನೊಂದು ಸಾಲು ಇದ್ದಾಗ ಸರದಿ ಕೆಟ್ಟಿತ್ತು. ಹತ್ತಕ್ಕೆ ಇಳಿಸಿದ ಕೂಡಲೇ ಸರಿಯಾಯಿತು. ಈ ಹತ್ತು, ಹನ್ನೊಂದರ ಗುಟ್ಟಿಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಸರದಿ ಯಾಕೆ ಕೆಡುತ್ತದೆ ಅನ್ನುವುದನ್ನು ಕಣ್ಣಾರೆ ನೋಡಬೇಕು.

ನಾಲ್ಕು ಚೀಟಿ ಸಾಕು. ಬಂದ ಸರದಿಯಲ್ಲಿ ನಂಬರು, ಪಕ್ಕದಲ್ಲಿ ತಾಲ್ಲೂಕು:

```
1 ಹರಿಹರ
2 ಜಗಳೂರು
3 ಹರಿಹರ
4 ಚನ್ನಗಿರಿ
```

ತಾಲ್ಲೂಕುವಾರು ಜೋಡಿಸಬೇಕು. ಅಕ್ಷರಮಾಲೆಯಲ್ಲಿ ಚ ಮೊದಲು, ಆಮೇಲೆ ಜ, ಕೊನೆಗೆ ಹ. ಇಲ್ಲಿ ಎರಡು ಹರಿಹರ ಇವೆ. ಯಾವುದನ್ನು ನೋಡಿ ಜೋಡಿಸುತ್ತೇವೋ ಅದು ಕೀ. ತಾಲ್ಲೂಕು ಅನ್ನುವ ಕೀಗೆ ಅವೆರಡೂ ಸಮ, ಯಾವುದು ಮೇಲೆ ಬಂದರೂ ತಾಲ್ಲೂಕಿನ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ನಮಗೆ 1 ಮೇಲೆ, 3 ಕೆಳಗೆ ಬೇಕು. ಸಮ ಬಂದವರನ್ನು ಅವರು ಬಂದ ಸರದಿಯಲ್ಲೇ ಬಿಡುವುದು ಸ್ಟೇಬಲ್ ಸಾರ್ಟ್. ಹಾಗೆ ಬಿಡುತ್ತೇನೆ ಅಂತ ಮಾತು ಕೊಡದೇ ಇರುವುದು ಅನ್‌ಸ್ಟೇಬಲ್ ಸಾರ್ಟ್. ಅರ್ಥ ಇಷ್ಟೇ.

ಈಗ ಸೆಲೆಕ್ಷನ್ ಸಾರ್ಟ್ ಮಾಡೋಣ. ಎಲ್ಲಕ್ಕಿಂತ ಮೊದಲು ಬರಬೇಕಾದ ಚೀಟಿ ಹುಡುಕು, ಅದನ್ನು ಮೊದಲ ಜಾಗದಲ್ಲಿ ಇರುವ ಚೀಟಿಯೊಂದಿಗೆ ಅದಲು ಬದಲು ಮಾಡು. ಆಮೇಲೆ ಎರಡನೇ ಜಾಗಕ್ಕೆ ಅದೇ ಕೆಲಸ. ಮೊದಲ ಜಾಗಕ್ಕೆ ಚನ್ನಗಿರಿ ಬರಬೇಕು, ಅದು 4ನೇ ಚೀಟಿ. ಅಲ್ಲಿ ಕೂತಿರುವುದು 1. ಅದಲು ಬದಲು ಮಾಡಿದರೆ ಹೀಗಾಗುತ್ತದೆ:

```
4 ಚನ್ನಗಿರಿ
2 ಜಗಳೂರು
3 ಹರಿಹರ
1 ಹರಿಹರ
```

ಏನಾಯಿತು ನೋಡಿ. ಚನ್ನಗಿರಿಗೆ ಜಾಗ ಮಾಡಿಕೊಡಲು 1ನೇ ಚೀಟಿಯನ್ನು ಎತ್ತಿ ಎಲ್ಲರ ಹಿಂದೆ ಹಾಕಿದೆವು. ದಾರಿಯಲ್ಲಿ ಅದು ತನ್ನ ಜೊತೆಗಾರ 3ನ್ನು ದಾಟಿ ಹೋಯಿತು. ಆ ಎರಡು ಹರಿಹರಗಳನ್ನು ಯಾರೂ ಹೋಲಿಸಿಯೇ ಇಲ್ಲ. ಯಾವುದೋ ಮೂರನೆಯವರ ಕೆಲಸಕ್ಕೆ ಇವರ ಸರದಿ ಕೆಟ್ಟಿತು. ಮುಂದಿನ ಹೆಜ್ಜೆಗಳಲ್ಲಿ ಏನೂ ಬದಲಾಗುವುದಿಲ್ಲ, ಪಟ್ಟಿ ಹೀಗೇ ಮುಗಿಯುತ್ತದೆ. ಅನ್‌ಸ್ಟೇಬಲ್ ಆದ ಬಹುತೇಕ ವಿಧಾನಗಳ ಒಳಗೆ ಇರುವುದು ಇದೇ: ದೂರದ ಎರಡು ಜಾಗಗಳ ನಡುವೆ ಅದಲು ಬದಲು. ಕ್ವಿಕ್ ಸಾರ್ಟ್ ಮಾಡುವುದೂ ಅದನ್ನೇ, ಹೀಪ್ ಸಾರ್ಟ್ ಮಾಡುವುದೂ ಅದನ್ನೇ.

ಈಗ ಐದನೇ ಚೀಟಿ ಸೇರಿಸಿ, ಅದರಲ್ಲಿ ಜಗಳೂರು ಅಂತ ಬರೆಯಿರಿ. ಇದನ್ನು ನಾನು ಅವತ್ತು ಎರಡು ಸಲ ತೋರಿಸಿದೆ, ಯಾಕೆಂದರೆ ನನಗೆ ಇಡೀ ವಿಷಯದಲ್ಲಿ ಇದೇ ಮುಖ್ಯ ಅನಿಸುತ್ತದೆ. ಮೊದಲ ಹೆಜ್ಜೆ ಆದ ಮೇಲೆ ಸಾಲು 4, 2, 3, 1, 5. ಎರಡನೇ ಜಾಗದಲ್ಲಿ ಜಗಳೂರು 2 ಆಗಲೇ ಇದೆ, ಬಿಡಿ. ಮೂರನೇ ಜಾಗಕ್ಕೆ ಈಗ ಜಗಳೂರು 5 ಬರಬೇಕು, ಅಲ್ಲಿ ಕೂತಿರುವುದು ಹರಿಹರ 3. ಅದಲು ಬದಲು ಮಾಡಿ:

```
4 ಚನ್ನಗಿರಿ
2 ಜಗಳೂರು
5 ಜಗಳೂರು
1 ಹರಿಹರ
3 ಹರಿಹರ
```

ಎಲ್ಲ ಸರಿಯಾಗಿಬಿಟ್ಟಿತು! ಜಗಳೂರಿನಲ್ಲಿ 2 ಆದ ಮೇಲೆ 5, ಹರಿಹರದಲ್ಲಿ 1 ಆದ ಮೇಲೆ 3. ಮೊದಲ ಅದಲು ಬದಲು ಕೆಡಿಸಿದ್ದನ್ನು ಎರಡನೆಯದು ಗೊತ್ತಿಲ್ಲದೇ ರಿಪೇರಿ ಮಾಡಿತು. ಒಬ್ಬರು ನಾಲ್ಕು ಚೀಟಿ ಇಟ್ಟು ನೋಡಿ ಇದು ಸರಿಯಿಲ್ಲ ಅಂದರೆ, ಇನ್ನೊಬ್ಬರು ಐದು ಚೀಟಿ ಇಟ್ಟು ನೋಡಿ ಸರಿಯಾಗೇ ಇದೆಯಲ್ಲ ಅನ್ನುತ್ತಾರೆ. ಅನ್‌ಸ್ಟೇಬಲ್ ಅಂದರೆ ಯಾವಾಗಲೂ ಕೆಡಿಸುತ್ತದೆ ಅಂತಲ್ಲ. ಕೆಡಿಸಬಹುದು, ಕೆಡಿಸದೇ ಇರಬಹುದು. ಹಾಗಾಗಿ ಸರಿಯಾದ ಉತ್ತರ ಒಮ್ಮೆ ಬಂತು ಅನ್ನುವುದರಿಂದ ಏನೂ ತಿಳಿಯುವುದಿಲ್ಲ.

ಇದೇ ಐದು ಚೀಟಿಯನ್ನು ಇನ್ಸರ್ಷನ್ ಸಾರ್ಟಿನಲ್ಲಿ ಹಾಕಿ. ಇಸ್ಪೀಟು ಎಲೆ ಕೈಗೆ ಬಂದ ಹಾಗೆ ಜೋಡಿಸಿಕೊಳ್ಳುತ್ತೇವಲ್ಲ, ಹಾಗೆ. ಹೊಸ ಚೀಟಿ ಬಲಗಡೆಯಿಂದ ಬಂದು, ತನಗಿಂತ ದೊಡ್ಡದು ಇರುವ ತನಕ ಒಂದೊಂದೇ ದಾಟಿ ಎಡಕ್ಕೆ ಹೋಗುತ್ತದೆ. 3ನೇ ಹರಿಹರ ಬಂದಾಗ ಮುಂದೆ 1ನೇ ಹರಿಹರ ಇದೆ. ತನಗಿಂತ ದೊಡ್ಡದಲ್ಲ, ಸಮ. ಅಲ್ಲೇ ನಿಲ್ಲುತ್ತದೆ. 5ನೇ ಜಗಳೂರು ಬಂದಾಗ ಎರಡೂ ಹರಿಹರಗಳನ್ನು ದಾಟಿ, 2ನೇ ಜಗಳೂರಿನ ಹಿಂದೆ ನಿಲ್ಲುತ್ತದೆ. ಇಲ್ಲಿ ಎಲ್ಲರೂ ಪಕ್ಕದವರನ್ನು ಮಾತ್ರ ದಾಟುತ್ತಾರೆ, ಸಮ ಇದ್ದವರನ್ನು ದಾಟುವುದೇ ಇಲ್ಲ. ಆದ್ದರಿಂದ ಇದು ಸ್ಟೇಬಲ್.

ಆದರೆ ಆ ಸ್ಟೇಬಲ್ ಗುಣ ತಾಲ್ಲೂಕುಗಳನ್ನು ಹೋಲಿಸುವ ಒಂದೇ ಒಂದು ಚಿಹ್ನೆಯ ಮೇಲೆ ನಿಂತಿದೆ. ಇಲ್ಲಿ `x` ಹೊಸ ಚೀಟಿ, `j` ಅದರ ಜಾಗ:

```python
while j > 0 and a[j-1]["taluk"] > x["taluk"]:
    a[j] = a[j-1]
    j -= 1
a[j] = x
```

ಆ `>` ಇರುವ ಜಾಗದಲ್ಲಿ ಕೈತಪ್ಪಿ `>=` ಬರೆದರೆ ಹೊಸದಾಗಿ ಬಂದವರು ಸಮ ಇದ್ದವರನ್ನೂ ದಾಟಿಕೊಂಡು ಮುಂದೆ ಹೋಗುತ್ತಾರೆ. ತಾಲ್ಲೂಕುವಾರು ಜೋಡಣೆ ಆಗಲೂ ಸರಿಯಾಗೇ ಇರುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ, ಸರದಿ ಮಾತ್ರ ತಿರುಗಿ ಹೋಗಿರುತ್ತದೆ. ಮರ್ಜ್ ಸಾರ್ಟಿನಲ್ಲೂ ಇಂಥದ್ದೇ ಒಂದು ಜಾಗ ಇದೆ. ಎರಡು ಗುಂಪು ಬೆಸೆಯುವಾಗ ಎಡಗಡೆಯದು, ಬಲಗಡೆಯದು ಸಮ ಬಂದರೆ ಎಡಗಡೆಯದನ್ನೇ ಮೊದಲು ತೆಗೆದುಕೊಳ್ಳಬೇಕು. ಪುಸ್ತಕದಲ್ಲಿ ಮರ್ಜ್ ಸಾರ್ಟ್ ಸ್ಟೇಬಲ್ ಅಂತ ಇರುತ್ತದೆ ನಿಜ. ನೀವು ಬರೆದದ್ದು ಸ್ಟೇಬಲ್ ಹೌದೋ ಅಲ್ಲವೋ ಅನ್ನುವುದು ಆ ಒಂದು ಹೋಲಿಕೆಯನ್ನು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಈಗ ಹತ್ತು, ಹನ್ನೊಂದರ ಗುಟ್ಟು. ಅಂಗಡಿಯ ಪಟ್ಟಿಯನ್ನು ಬ್ರೌಸರಿನೊಳಗೆ ಜೋಡಿಸುತ್ತಿದ್ದದ್ದು ಜಾವಾಸ್ಕ್ರಿಪ್ಟಿನ `sort`. ಜಾವಾಸ್ಕ್ರಿಪ್ಟಿನ ನಿಯಮ ಪುಸ್ತಕ ಆ ಕಾಲಕ್ಕೆ `sort` ಸ್ಟೇಬಲ್ ಆಗಿರಲೇಬೇಕು ಅಂತ ಹೇಳಿರಲಿಲ್ಲ. ಎಂಜಿನ್ ಬರೆಯುವವರಿಗೆ ಬಿಟ್ಟದ್ದು. ಕ್ರೋಮ್ ಒಳಗಿನ ವಿ8 ಎಂಜಿನ್ ಹತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇನ್ಸರ್ಷನ್ ಸಾರ್ಟ್, ಹತ್ತಕ್ಕಿಂತ ಜಾಸ್ತಿ ಇದ್ದರೆ ಕ್ವಿಕ್ ಸಾರ್ಟ್ ಮಾಡುತ್ತಿತ್ತು. ಇದನ್ನು ತಪ್ಪು ಅನ್ನುವಂತಿಲ್ಲ, ಸಣ್ಣ ಪಟ್ಟಿಗೆ ಇನ್ಸರ್ಷನ್ ಸಾರ್ಟೇ ಬೇಗ ಮುಗಿಯುತ್ತದೆ. ಆದರೆ ಇದರಿಂದ ಆಗುವುದೇನು ಅಂದರೆ, ಸಣ್ಣ ಪಟ್ಟಿ ಯಾವಾಗಲೂ ಸ್ಟೇಬಲ್ ಆಗಿ ಕಾಣುತ್ತದೆ, ದೊಡ್ಡದು ಆಗಿರುವುದಿಲ್ಲ. ನಾವು ಪರೀಕ್ಷೆ ಮಾಡುವುದು ಸಣ್ಣ ಪಟ್ಟಿಯಲ್ಲಿ, ಅಂಗಡಿ ನಡೆಯುವುದು ದೊಡ್ಡ ಪಟ್ಟಿಯಲ್ಲಿ. ಎಂಟು ಲಾಟ್ ಹಾಕಿ ಮೂರು ದಿನ ಹುಡುಕಿದ ನಾನು ಇನ್ಸರ್ಷನ್ ಸಾರ್ಟನ್ನೇ ಪರೀಕ್ಷೆ ಮಾಡುತ್ತಿದ್ದೆ. ಭಾಷೆ ಕೊಡದ ಮಾತನ್ನು ಕೊಟ್ಟಿದೆ ಅಂತ ನಂಬಿದ್ದು ನನ್ನ ತಪ್ಪು.

2018ರಲ್ಲಿ ಕ್ರೋಮ್ 70 ಬಂದಾಗ ವಿ8 ಟಿಮ್‌ಸಾರ್ಟಿಗೆ ಬದಲಾಯಿತು, ಅದು ಸ್ಟೇಬಲ್. ಎಕ್ಮಾಸ್ಕ್ರಿಪ್ಟ್ 2019, ಅಂದರೆ ಜಾವಾಸ್ಕ್ರಿಪ್ಟಿನ ಆ ವರ್ಷದ ನಿಯಮ ಪುಸ್ತಕದಲ್ಲಿ, ಸ್ಟೇಬಲ್ ಆಗಿರಲೇಬೇಕು ಅಂತಲೇ ಬರೆದರು. ಹಾಗಾಗಿ ಇವತ್ತು ಇದೇ ಕೋಡ್ ಹಾಕಿದರೆ ತಪ್ಪು ಕಾಣಿಸುವುದಿಲ್ಲ. ಆದರೆ ಇದೇ ಬಲೆ ಸಿ++ ಬರೆಯುವವರಿಗೆ ಈಗಲೂ ಇದೆ. ಅಲ್ಲಿ `std::sort` ಸ್ಟೇಬಲ್ ಅಲ್ಲ, ಬೇಕಾದರೆ `std::stable_sort` ಅಂತ ಬೇರೆ ಇದೆ. ಜಿಸಿಸಿ ಜೊತೆ ಬರುವ ಲೈಬ್ರರಿಯಲ್ಲಿ ಹದಿನಾರರ ತನಕದ ಪಟ್ಟಿಗೆ `std::sort` ಇನ್ಸರ್ಷನ್ ಸಾರ್ಟೇ ಮಾಡುತ್ತದೆ. ಹತ್ತು ರೆಕಾರ್ಡ್ ಹಾಕಿ ನೋಡಿ "ಸರ್, ನಮ್ಮಲ್ಲಿ ಸ್ಟೇಬಲ್ ಆಗೇ ಬರುತ್ತಿದೆ" ಅಂತ ನಿಮ್ಮಲ್ಲೇ ಒಬ್ಬರು ಹೇಳಿದ್ದು ಅದಕ್ಕೇ. ಐವತ್ತು ಹಾಕಿ ನೋಡಿ.

ಪೈಥಾನ್ ಬರೆಯುವವರಿಗೆ ಈ ಚಿಂತೆ ಇಲ್ಲ. 2.3ರಿಂದ ಅದರ `sort` ಸ್ಟೇಬಲ್ ಅಂತ ಲಿಖಿತ ಖಾತ್ರಿ ಇದೆ. ಟಿಮ್‌ಸಾರ್ಟ್ ಹುಟ್ಟಿದ್ದೂ ಅಲ್ಲೇ, ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್‌ಗೆ ಅಂತ ಬರೆದದ್ದು.

ಇಲ್ಲಿಯ ತನಕ ಒಂದೇ ಕೀ ಇಟ್ಟು ಸಾರ್ಟ್ ಮಾಡಿದೆವು. ಇನ್ನೊಂದು ಕೀ, ಅಂದರೆ ಬಂದ ಸರದಿ, ಮರೆಯಲ್ಲಿತ್ತು. ಮುಂದಿನ ವರ್ಷ ಸಾಹುಕಾರ್ರು ಬಾಯಿಬಿಟ್ಟೇ ಎರಡು ಕೀ ಕೇಳಿದರು. ತಾಲ್ಲೂಕುವಾರು ಬೇಕು, ತಾಲ್ಲೂಕಿನ ಒಳಗೆ ಜಾಸ್ತಿ ದರ ಬಿದ್ದದ್ದು ಮೇಲೆ ಇರಬೇಕು. ದರ ಸಮ ಇದ್ದರೆ ಮೊದಲು ಬಂದವರು ಮೇಲೆ, ಅದನ್ನು ಹೇಳಬೇಕಾಗಿಯೇ ಇರಲಿಲ್ಲ. ಚೀಟಿಗೆ ಕ್ವಿಂಟಲ್ ದರವನ್ನೂ ಬರೆಯೋಣ. ದರ ಸುಮ್ನೆ ಲೆಕ್ಕಕ್ಕೆ ಅಂತ ನಾನು ಹಾಕಿದ್ದು:

```
1 ಹರಿಹರ   2140
2 ಜಗಳೂರು  2180
3 ಹರಿಹರ   2160
4 ಚನ್ನಗಿರಿ  2140
5 ಜಗಳೂರು  2180
6 ಹರಿಹರ   2160
```

ಎರಡು ಸಲ ಸಾರ್ಟ್ ಮಾಡಿದರೆ ಆಯಿತು. ಯಾವುದನ್ನು ಮೊದಲು ಮಾಡಬೇಕು? ಅವತ್ತು ಕೇಳಿದಾಗ ಮುಕ್ಕಾಲು ಜನ ತಾಲ್ಲೂಕು ಅಂದರು. ಮುಖ್ಯವಾದದ್ದು ಮೊದಲು ಅನ್ನುವುದು ನಮಗೆ ಸಹಜವಾಗಿ ಬರುತ್ತದೆ. ಮಾಡಿ ನೋಡೋಣ. ತಾಲ್ಲೂಕುವಾರು ಜೋಡಿಸಿದರೆ 4, 2, 5, 1, 3, 6. ಈಗ ದರದ ಮೇಲೆ ಜೋಡಿಸಿದರೆ 2180 ಇರುವ 2, 5 ಮೇಲೆ ಬರುತ್ತವೆ, ಆಮೇಲೆ 3, 6, ಕೊನೆಗೆ 4, 1. ಹರಿಹರದ ಮೂರು ಚೀಟಿಗಳ ನಡುವೆ ಚನ್ನಗಿರಿ ಬಂದು ಕೂತಿದೆ. ತಾಲ್ಲೂಕುವಾರು ಪಟ್ಟಿ ಚೂರಾಯಿತು.

ಯಾಕೆಂದರೆ ಕೊನೆಯಲ್ಲಿ ಮಾಡಿದ ಸಾರ್ಟೇ ಇಡೀ ಪಟ್ಟಿಯ ಯಜಮಾನ. ಅದಕ್ಕೆ ಹಿಂದೆ ಮಾಡಿದ್ದು ಉಳಿಯುವುದು ಸಮ ಬಂದವರ ನಡುವೆ ಮಾತ್ರ, ಅದೂ ಕೊನೆಯ ಸಾರ್ಟ್ ಸ್ಟೇಬಲ್ ಆಗಿದ್ದರೆ. ಹಾಗಾಗಿ ಚಿಕ್ಕ ಕೀ ಮೊದಲು, ದೊಡ್ಡ ಕೀ ಕೊನೆಗೆ:

```python
lots.sort(key=lambda x: x["rate"], reverse=True)
lots.sort(key=lambda x: x["taluk"])
```

ಮೊದಲ ಸಾಲು ಆದ ಮೇಲೆ 2, 5, 3, 6, 1, 4. ಎರಡನೇ ಸಾಲು ಆದ ಮೇಲೆ ಚನ್ನಗಿರಿ 4, ಜಗಳೂರು 2 ಮತ್ತು 5, ಹರಿಹರ 3, 6, 1. ಹರಿಹರದಲ್ಲಿ 2160ರ ಇಬ್ಬರು ಮೇಲೆ, ಅವರಲ್ಲೂ 3 ಮೊದಲು ಬಂದದ್ದು. 2140ರ 1 ಕೆಳಗೆ. ಸಾಹುಕಾರ್ರು ಕೇಳಿದ್ದು ಇದನ್ನೇ. ಎರಡನೇ ಸಾಲು ಅನ್‌ಸ್ಟೇಬಲ್ ಆಗಿದ್ದಿದ್ದರೆ ಮೊದಲ ಸಾಲಿನ ಕೆಲಸವೆಲ್ಲ ದಂಡ ಆಗುವ ಸಾಧ್ಯತೆ ಇರುತ್ತಿತ್ತು. ತಾಲ್ಲೂಕು ಸರಿಯಾಗಿ ಬಂದಿರುತ್ತಿತ್ತು, ಒಳಗಿನ ದರ ಕಲಸಿ ಹೋಗಿರುತ್ತಿತ್ತು.

ಕಂಪ್ಯೂಟರ್ ಬರುವುದಕ್ಕೆ ಮೊದಲೇ ಈ ಉಪಾಯ ಇತ್ತು. ತೂತು ಹೊಡೆದ ಕಾರ್ಡುಗಳನ್ನು ಬೇರ್ಪಡಿಸುವ ಯಂತ್ರ ಒಂದು ಸಲಕ್ಕೆ ಕಾರ್ಡಿನ ಒಂದೇ ಕಾಲಂ ನೋಡುತ್ತಿತ್ತು. ಮೂರಂಕಿಯ ನಂಬರು ಸಾರ್ಟ್ ಮಾಡಬೇಕು ಅಂದರೆ ಮೂರು ಸಲ ಯಂತ್ರಕ್ಕೆ ಹಾಕಬೇಕು. ಮೊದಲ ಸಲ ಬಿಡಿ ಅಂಕಿ ನೋಡಿ ಕಾರ್ಡುಗಳು 0ಯಿಂದ 9ರ ತನಕ ಬೇರೆ ಬೇರೆ ಗೂಡಿಗೆ ಬೀಳುತ್ತವೆ. ಗೂಡುಗಳಿಂದ ಸರದಿ ತಪ್ಪದ ಹಾಗೆ ತೆಗೆದು ಒಟ್ಟಿಗೆ ಸೇರಿಸಿ, ಮತ್ತೆ ಹತ್ತರ ಅಂಕಿಗೆ ಹಾಕಬೇಕು, ಆಮೇಲೆ ನೂರರ ಅಂಕಿಗೆ. ಕೊನೆಗೆ ಕೈಗೆ ಬರುವ ಕಟ್ಟು ಪೂರ್ತಿ ಜೋಡಣೆ ಆಗಿರುತ್ತದೆ. ನಡುವೆ ಒಂದು ಗೂಡಿನ ಕಟ್ಟನ್ನು ಕಲಸಿ ಹಾಕಿದರೆ ಹಿಂದಿನ ಸುತ್ತಿನ ಕೆಲಸ ಹೋದ ಹಾಗೆ. ನೀವು ಸಿಲಬಸ್ಸಿನಲ್ಲಿ ಓದುವ ರೇಡಿಕ್ಸ್ ಸಾರ್ಟ್ ಇದೇ. ಅಲ್ಲಿ ಪ್ರತಿ ಅಂಕಿಯ ಸುತ್ತಿಗೆ ಸ್ಟೇಬಲ್ ಸಾರ್ಟೇ ಬೇಕು ಅಂತ ಒಂದು ಸಾಲು ಬರೆದಿರುತ್ತಾರೆ. ಆ ಸಾಲು ತೆಗೆದರೆ ಉತ್ತರವೇ ತಪ್ಪು ಬರುತ್ತದೆ.

ದರದ ಸಾಲಿನಲ್ಲಿ ನಾನು ಮೊದಲು ಒಂದು ತಪ್ಪು ಮಾಡಿದ್ದೆ, ಅದನ್ನೂ ಹೇಳಬೇಕು. ಜಾಸ್ತಿ ದರ ಮೇಲೆ ಬೇಕಲ್ವಾ, ಹಾಗಾಗಿ ಕಡಿಮೆಯಿಂದ ಜಾಸ್ತಿಗೆ ಸಾರ್ಟ್ ಮಾಡಿ ಆಮೇಲೆ ಪಟ್ಟಿಯನ್ನು ತಲೆಕೆಳಗು ಮಾಡಿದ್ದೆ. ನೋಡಲು ಒಂದೇ ಅನಿಸುತ್ತದೆ. ಚೀಟಿಯಲ್ಲಿ ಮಾಡಿ ನೋಡಿ: ಕಡಿಮೆಯಿಂದ ಜಾಸ್ತಿಗೆ 1, 4, 3, 6, 2, 5. ತಲೆಕೆಳಗು ಮಾಡಿದರೆ 5, 2, 6, 3, 4, 1. ದರ ಸರಿ ಇದೆ, ಆದರೆ ಸಮ ಬಂದವರಲ್ಲಿ ಕೊನೆಗೆ ಬಂದವರು ಮೇಲೆ ಹೋಗಿದ್ದಾರೆ. ಆಮೇಲೆ ತಾಲ್ಲೂಕಿನ ಸಾರ್ಟ್ ಸ್ಟೇಬಲ್ ಆಗಿರುವುದರಿಂದಲೇ ಆ ತಿರುಗಿದ ಸರದಿಯನ್ನು ನಿಷ್ಠೆಯಿಂದ ಕಾಪಾಡುತ್ತದೆ: ಜಗಳೂರಿನಲ್ಲಿ 5, 2, ಹರಿಹರದಲ್ಲಿ 6, 3, 1. ಪೈಥಾನಿನ `reverse=True` ಹೀಗೆ ಮಾಡುವುದಿಲ್ಲ, ಅದು ಸಮ ಬಂದವರನ್ನು ಬಂದ ಸರದಿಯಲ್ಲೇ ಬಿಡುತ್ತದೆ. ಬೇರೆ ಭಾಷೆಯಲ್ಲಿ ಹೋಲಿಸುವ ಫಂಕ್ಷನ್ನಿನಲ್ಲೇ ದಿಕ್ಕು ಬದಲಿಸಿ, ಸಾರ್ಟ್ ಆದ ಪಟ್ಟಿಯನ್ನು ತಿರುಗಿಸಬೇಡಿ.

ಎರಡು ಸಲ ಮಾಡುವುದು ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಒಂದೇ ಹೋಲಿಕೆಯಲ್ಲಿ ಎಲ್ಲ ಕೀಗಳನ್ನೂ ಇಡುವುದು:

```python
lots.sort(key=lambda x: (x["taluk"], -x["rate"], x["no"]))
```

ತಾಲ್ಲೂಕು ಸಮ ಆದರೆ ದರ ನೋಡು, ದರವೂ ಸಮ ಆದರೆ ಲಾಟ್ ನಂಬರು ನೋಡು. ಒಂದು ದಿನದಲ್ಲಿ ಒಂದು ನಂಬರು ಒಬ್ಬರಿಗೇ ಇರುವುದರಿಂದ ಯಾವ ಎರಡು ಚೀಟಿಯೂ ಸಮ ಬರುವುದಿಲ್ಲ. ಸಮ ಬರುವವರೇ ಇಲ್ಲದ ಮೇಲೆ ಸ್ಟೇಬಲ್, ಅನ್‌ಸ್ಟೇಬಲ್ ಅನ್ನುವ ಪ್ರಶ್ನೆಯೇ ಇಲ್ಲ. ಯಾವ ಸಾರ್ಟ್ ಹಾಕಿದರೂ ಉತ್ತರ ಒಂದೇ. 2017ರಲ್ಲಿ ಅಂಗಡಿಯ ಪಟ್ಟಿಯನ್ನು ನಾನು ಸರಿ ಮಾಡಿದ್ದು ಹೀಗೇ, ಹೋಲಿಕೆಯ ಕೊನೆಗೆ ನಂಬರು ಸೇರಿಸಿದೆ ಅಷ್ಟೇ. ನಂಬರೇ ಇಲ್ಲದ ಪಟ್ಟಿಯಾದರೆ ಸಾರ್ಟಿಗೆ ಮೊದಲು ಪ್ರತಿ ಸಾಲಿಗೂ 0, 1, 2 ಅಂತ ಜಾಗದ ನಂಬರು ಅಂಟಿಸಿ. ಸ್ವಲ್ಪ ಮೆಮೊರಿ ಜಾಸ್ತಿ ಬೇಕಾಗುತ್ತದೆ, ಮೂವತ್ತು ಸಾಲಿಗೂ ಮೂವತ್ತು ಸಾವಿರ ಸಾಲಿಗೂ ಅದು ಲೆಕ್ಕಕ್ಕೆ ಬರುವಷ್ಟಲ್ಲ.

ಹಾಗಾದರೆ ಅನ್‌ಸ್ಟೇಬಲ್ ಸಾರ್ಟ್ ಯಾಕಾದರೂ ಇದೆ ಅಂತ ಒಬ್ಬರು ಕೇಳಿದರು. ಅದಕ್ಕೆ ಕಾರಣ ಇದೆ. ಸಾಮಾನ್ಯವಾಗಿ ಬರೆಯುವ ಮರ್ಜ್ ಸಾರ್ಟಿಗೆ ಪಟ್ಟಿಯಷ್ಟೇ ದೊಡ್ಡದಾದ ಇನ್ನೊಂದು ಜಾಗ ಬೇಕು. ಹೀಪ್ ಸಾರ್ಟಿಗೆ ಬೇಡ, ಇದ್ದಲ್ಲೇ ಮುಗಿಸುತ್ತದೆ. ಬರೀ ಅಂಕಿಗಳನ್ನು ಸಾರ್ಟ್ ಮಾಡುವಾಗ ಒಂದು 2140ಕ್ಕೂ ಇನ್ನೊಂದು 2140ಕ್ಕೂ ವ್ಯತ್ಯಾಸವೇ ಇಲ್ಲ, ಅಲ್ಲಿ ಸರದಿ ಕಾಪಾಡಿ ಏನೂ ಸಿಗುವುದಿಲ್ಲ. ಜಾವಾದವರು ಇದನ್ನು ಚೆನ್ನಾಗಿ ಬೇರೆ ಮಾಡಿದ್ದಾರೆ. `int[]` ಕೊಟ್ಟರೆ `Arrays.sort` ಕ್ವಿಕ್ ಸಾರ್ಟ್ ಜಾತಿಯದನ್ನು ಬಳಸುತ್ತದೆ, ಆಬ್ಜೆಕ್ಟುಗಳ ಪಟ್ಟಿ ಕೊಟ್ಟರೆ ಸ್ಟೇಬಲ್ ಆದದ್ದನ್ನು. ರೆಕಾರ್ಡಿಗೆ ಹಿಂದೆ ಮುಂದೆ ಇನ್ನೇನೋ ಅಂಟಿಕೊಂಡಿದ್ದಾಗ ಮಾತ್ರ ಸರದಿಗೆ ಅರ್ಥ ಬರುತ್ತದೆ.

ಸ್ಟೇಬಲ್ ಸಾರ್ಟಿನ ಮೇಲೆ ಅತಿಯಾಗಿ ಭರವಸೆ ಇಡುವುದೂ ತಪ್ಪು. ಅದು ಕಾಪಾಡುವುದು ತನ್ನ ಕೈಗೆ ಬಂದ ಸರದಿಯನ್ನು. ಕೈಗೆ ಬಂದದ್ದೇ ಕಲಸಿ ಹೋಗಿದ್ದರೆ ಕಲಸಿದ್ದನ್ನೇ ಕಾಪಾಡುತ್ತದೆ. ಲಾಟ್‌ಗಳನ್ನು ಡೇಟಾಬೇಸಿಗೆ ಹಾಕಿದ ಮೇಲೆ ಇದು ಗಮನಕ್ಕೆ ಬಂತು. `ORDER BY` ಇಲ್ಲದೇ ಕೇಳಿದರೆ ಸಾಲುಗಳು ಹಾಕಿದ ಸರದಿಯಲ್ಲೇ ಬರುತ್ತವೆ ಅಂತ ಯಾವ ಖಾತ್ರಿಯೂ ಇಲ್ಲ, ಎಷ್ಟೋ ದಿನ ಹಾಗೇ ಬಂದರೂ ಕೂಡ. `ORDER BY taluk` ಅಂತ ಮಾತ್ರ ಬರೆದರೆ ಒಂದೇ ತಾಲ್ಲೂಕಿನ ಒಳಗೆ ಅದೇ ಕಥೆ. ಪುಟಕ್ಕೆ ಇಪ್ಪತ್ತು ಸಾಲು ಅಂತ `LIMIT`, `OFFSET` ಹಾಕಿದಾಗ ಇದು ಇನ್ನೂ ಕೆಟ್ಟದಾಗಿ ಕಾಣಿಸುತ್ತದೆ. ಪ್ರತಿ ಪುಟಕ್ಕೂ ಹೊಸದಾಗಿ ಪ್ರಶ್ನೆ ಹೋಗುತ್ತದೆ, ಸಮ ಬಂದವರು ಪ್ರತಿ ಸಲ ಬೇರೆ ಸರದಿಯಲ್ಲಿ ಬರಬಹುದು. ಆಗ ಒಂದು ಲಾಟ್ ಎರಡು ಪುಟದಲ್ಲೂ ಕಾಣುತ್ತದೆ, ಇನ್ನೊಂದು ಯಾವ ಪುಟದಲ್ಲೂ ಇರುವುದಿಲ್ಲ. ಕಾಣದೇ ಹೋದ ಲಾಟಿನ ರೈತನಿಗೆ ಅದು ಸಣ್ಣ ವಿಷಯ ಅಲ್ಲ. ಮದ್ದು ಅದೇ: `ORDER BY taluk, rate DESC, no`. ಬೇರೆ ಬೇರೆ ದಿನದ ಲಾಟ್ ಒಂದೇ ಟೇಬಲ್ಲಿನಲ್ಲಿದ್ದರೆ ತಾರೀಖನ್ನೂ ಸೇರಿಸಬೇಕು, ಇಲ್ಲದಿದ್ದರೆ ನಂಬರು ಮತ್ತೆ ಸಮ ಬರುತ್ತದೆ.

ನಿಮ್ಮ ಪ್ರೋಗ್ರಾಂನಲ್ಲಿ ಈ ತಪ್ಪು ಇದೆಯೋ ಇಲ್ಲವೋ ನೋಡಲು ಒಂದು ಪರೀಕ್ಷೆ ಹೇಳುತ್ತೇನೆ. ಸಾಲುಗಳು ಜಾಸ್ತಿ ಇರಬೇಕು, ಕೀಗಳು ಕಡಿಮೆ ಇರಬೇಕು. ಸಾವಿರ ಲಾಟ್, ಮೂರೇ ತಾಲ್ಲೂಕು. ಆಗ ಸಮ ಬರುವವರು ಹೇರಳ. 1ರಿಂದ ಸಾಲಾಗಿ ನಂಬರು ಕೊಟ್ಟು, ತಾಲ್ಲೂಕಿನ ಮೇಲೆ ಸಾರ್ಟ್ ಮಾಡಿ, ಪಕ್ಕ ಪಕ್ಕದವರನ್ನು ನೋಡುತ್ತಾ ಹೋಗಿ:

```python
for a, b in zip(lots, lots[1:]):
    if a["taluk"] == b["taluk"] and a["no"] > b["no"]:
        print("ಸರದಿ ಕೆಟ್ಟಿದೆ:", a["no"], b["no"])
```

ಒಂದು ಸಾಲು ಪ್ರಿಂಟ್ ಆದರೂ ಸಾಕು, ಅದು ಸ್ಟೇಬಲ್ ಅಲ್ಲ ಅಂತ ಖಚಿತ. ಏನೂ ಪ್ರಿಂಟ್ ಆಗದಿದ್ದರೆ ಖಚಿತವಾಗಿ ಏನೂ ಹೇಳುವಂತಿಲ್ಲ, ಐದು ಚೀಟಿಯ ಕಥೆ ನೆನಪಿದೆಯಲ್ಲ. ಆಗ ಆ ಭಾಷೆಯ ದಾಖಲೆ ತೆಗೆದು ಸ್ಟೇಬಲ್ ಅನ್ನುವ ಪದ ಇದೆಯಾ ನೋಡಬೇಕು. ಇಲ್ಲದಿದ್ದರೆ ಕೊನೆಯ ಕೀ ಆಗಿ ನಂಬರು ಸೇರಿಸಬೇಕು.

ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ನಂಬರು ಸೇರಿಸಿಬಿಟ್ಟರೆ ಯಾವ ಸಾರ್ಟ್ ಆದರೂ ನಡೀತದೆ ಅಂದ್ರಿ. ಹಂಗಾದ್ರೆ ಸ್ಟೇಬಲ್ ಸಾರ್ಟ್ ಯಾಕ್ ಬೇಕು?"

ಒಳ್ಳೆಯ ಪ್ರಶ್ನೆ, ನಾನು ಅದನ್ನು ಹೇಳದೇ ಬಿಟ್ಟಿದ್ದೆ. ಎಲ್ಲ ಕೀಗಳೂ ಮೊದಲೇ ಗೊತ್ತಿದ್ದರೆ ಒಂದೇ ಹೋಲಿಕೆಯಲ್ಲಿ ಹಾಕಬಹುದು. ಆದರೆ ಪರದೆಯ ಮುಂದೆ ಕೂತವರು ಒಂದೊಂದೇ ತಲೆಬರಹ ಒತ್ತುತ್ತಾ ಹೋಗುತ್ತಾರೆ. ಮುಂದೆ ಯಾವುದು ಒತ್ತುತ್ತಾರೆ ಅಂತ ಪ್ರೋಗ್ರಾಂ ಬರೆಯುವವರಿಗೆ ಗೊತ್ತಿರುವುದಿಲ್ಲ. ಸಾರ್ಟ್ ಸ್ಟೇಬಲ್ ಆಗಿದ್ದರೆ ಪ್ರತಿ ಸಲ ಒತ್ತಿದ್ದೂ ಒಂದೊಂದು ಕೀ ಆಗಿ ಹಿಂದೆ ಉಳಿದುಕೊಳ್ಳುತ್ತದೆ. ಎಕ್ಸೆಲ್ 2003ರಲ್ಲಿ ಒಂದು ಸಲಕ್ಕೆ ಮೂರೇ ಕೀ ಕೊಡಲು ಆಗುತ್ತಿತ್ತು. ನಾಲ್ಕು ಬೇಕಾದವರು ಎಲ್ಲಕ್ಕಿಂತ ಚಿಕ್ಕ ಕೀ ಮೇಲೆ ಒಮ್ಮೆ ಸಾರ್ಟ್ ಮಾಡಿಕೊಂಡು, ಆಮೇಲೆ ಉಳಿದ ಮೂರನ್ನು ಕೊಡುತ್ತಿದ್ದರು. ಹಾಗೆ ಮಾಡಿದರೆ ಸರಿ ಬರುತ್ತಿತ್ತು, ಯಾಕೆಂದರೆ ಅದರ ಸಾರ್ಟ್ ಸಮ ಬಂದವರನ್ನು ಕದಲಿಸುತ್ತಿರಲಿಲ್ಲ.

ಬ್ರೌಸರಿನ ಸಾರ್ಟೇ ಸ್ಟೇಬಲ್ ಆದ ಮೇಲೆ ನಮ್ಮ ಅಂಗಡಿಯ ಹೋಲಿಕೆಯ ಕೊನೆಯಲ್ಲಿದ್ದ ನಂಬರನ್ನು ತೆಗೆದೆ, ಇಲ್ಲದಿದ್ದರೆ ಅದು ಹಿಂದೆ ಒತ್ತಿದ್ದನ್ನು ಅಳಿಸಿಬಿಡುತ್ತಿತ್ತು. ಅಲ್ಲಿನ ಗುಮಾಸ್ತರು ಈಗ ಹಾಗೇ ಮಾಡುತ್ತಾರೆ. ಒಂದೇ ತಾಲ್ಲೂಕಿನ ಒಂದೇ ದರದವರಲ್ಲಿ ಚೀಲ ಜಾಸ್ತಿ ಇರುವವರನ್ನು ನೋಡಬೇಕಾದಾಗ ಮೊದಲು ಚೀಲ ಒತ್ತಿ, ಆಮೇಲೆ ದರ ಒತ್ತಿ, ಕೊನೆಗೆ ತಾಲ್ಲೂಕು ಒತ್ತುತ್ತಾರೆ. ಅದನ್ನು ನಾನು ಅವರಿಗೆ ಹೇಳಿಕೊಟ್ಟದ್ದಲ್ಲ, ಅವರೇ ಒತ್ತಿ ನೋಡಿ ಕಂಡುಕೊಂಡದ್ದು.